ಮೆಯ್ಯರ್ ಎಲ್ಲಿ, ಮ್ಯೋ ಎಲ್ಲಿ?

ಪ್ಯಾರಿಸ್ ನಗರಾಡಳಿತ 1994ರಿಂದ ಒಂದು ಸ್ಪರ್ಧೆ ನಡೆಸುತ್ತಿದೆ. ಕೋಲಿನಂತೆ ಉದ್ದನೆಯ ಬಗೆತ್ ಬ್ರೆಡ್ಡನ್ನು ಊರಲ್ಲೆಲ್ಲ ಚೆನ್ನಾಗಿ ಮಾಡುವವರು ಯಾರು ಎಂದು ಆರಿಸುತ್ತಾರೆ. ಗೆದ್ದವರು ಒಂದು ವರ್ಷ ಫ್ರಾನ್ಸಿನ ಅಧ್ಯಕ್ಷರ ಭವನಕ್ಕೆ ಬ್ರೆಡ್ ಪೂರೈಸುತ್ತಾರೆ. ಆ ಬ್ರೆಡ್ಡನ್ನು ಜನ ಕರೆಯುವುದು ‘ಲಾ ಮೆಯ್ಯರ್ ಬಗೆತ್ ದ ಪಾರಿ’ ಎಂದು. ಫ್ರೆಂಚ್ ಕಲಿಯುವವರು ಎಡವುವ ಜಾಗಗಳೆಲ್ಲ ಈ ನಾಲ್ಕೈದು ಪದಗಳಲ್ಲೇ ಇವೆ.

ಫ್ರೆಂಚಿನ ಹೋಲಿಕೆ ಮೇಲುನೋಟಕ್ಕೆ ಸುಲಭ. ಗುಣವಾಚಕದ ಮುಂದೆ ‘ಪ್ಲು’ ಇಟ್ಟರೆ ಹೆಚ್ಚು, ‘ಮ್ವಾಂ’ ಇಟ್ಟರೆ ಕಡಿಮೆ, ‘ಓಸಿ’ ಇಟ್ಟರೆ ಸಮಸಮ. ನಮ್ಮ ‘ಗಿಂತ’ದ ಕೆಲಸವನ್ನು ‘ಕ’ ಮಾಡುತ್ತದೆ. ‘ಶೆರ್’ ಅಂದರೆ ದುಬಾರಿ. ‘ಪ್ಲು ಶೆರ್ ಕ’ ಅಂದರೆ ಅದಕ್ಕಿಂತ ದುಬಾರಿ. ಇದರ ಹಿಂದೆ ‘ಲ’, ‘ಲಾ’, ‘ಲೆ’ಗಳಲ್ಲಿ ಒಂದನ್ನು ಸೇರಿಸಿದರೆ ಎಲ್ಲಕ್ಕಿಂತ ದುಬಾರಿ ಎಂದಾಯಿತು.

‘ಬೋಂ’, ಅಂದರೆ ಒಳ್ಳೆಯದು, ಈ ಸಾಲಿಗೆ ಸೇರುವುದಿಲ್ಲ. ‘ಮ್ವಾಂ ಬೋಂ’ ಸರಿ, ‘ಓಸಿ ಬೋಂ’ ಕೂಡ ಸರಿ. ‘ಪ್ಲು ಬೋಂ’ ಮಾತ್ರ ತಪ್ಪು. ಅಲ್ಲಿ ‘ಮೆಯ್ಯರ್’ ಬರಬೇಕು. ‘ಚೆನ್ನಾಗಿ’ ಎಂಬರ್ಥದ ‘ಬ್ಯಾಂ’ ಅದೇ ರೀತಿ ‘ಮ್ಯೋ’ ಆಗುತ್ತದೆ. ಎರಡೂ ಲ್ಯಾಟಿನ್ನಿನಿಂದ ಇಡಿಯಾಗಿ ಉಳಿದುಬಂದ ರೂಪಗಳು.

ಇವೆರಡನ್ನೂ ಇಂಗ್ಲಿಷ್ ‘ಬೆಟರ್’ ಎಂಬ ಒಂದೇ ಪದದಲ್ಲಿ ಮುಗಿಸುತ್ತದೆ. ಹಾಗಾಗಿ ಇಂಗ್ಲಿಷ್ ಮೂಲಕ ಫ್ರೆಂಚ್ ಕಲಿಯುವವರಿಗೆ ಗೊಂದಲ. ಕನ್ನಡದಲ್ಲೇ ಯೋಚಿಸಿದರೆ ಅರ್ಧ ಕಷ್ಟ ಕಳೆಯುತ್ತದೆ. ‘ಒಳ್ಳೆಯ ಬ್ರೆಡ್’ ಎನ್ನುವಾಗ ಮಾತು ವಸ್ತುವಿನದು, ಅಲ್ಲಿ ಮೆಯ್ಯರ್. ‘ಚೆನ್ನಾಗಿ ಕೆಲಸ ಮಾಡುತ್ತಾನೆ’ ಎನ್ನುವಾಗ ಮಾತು ಕ್ರಿಯೆಯದು, ಅಲ್ಲಿ ಮ್ಯೋ: ‘ಇಲ್ ತ್ರವಾಯ್ ಮ್ಯೋ ಕ ಸೋಂ ಫ್ರೇರ್’, ಅವನು ತಮ್ಮನಿಗಿಂತ ಚೆನ್ನಾಗಿ ಕೆಲಸ ಮಾಡುತ್ತಾನೆ. ಈ ಸೂತ್ರ ಕೈಕೊಡುವುದು ‘ಸೆ ಮ್ಯೋ’ ಎಂಬಲ್ಲಿ. ‘ಹೀಗಿದ್ದರೇ ವಾಸಿ’ ಎನ್ನಲು ಫ್ರೆಂಚರು ಹಾಗನ್ನುತ್ತಾರೆ. ಅಲ್ಲಿ ಕ್ರಿಯೆ ಕಾಣದಿದ್ದರೂ ಮ್ಯೋ ಬರುತ್ತದೆ.

ಈಗ ಮತ್ತೆ ಬ್ರೆಡ್ಡಿಗೆ ಬರೋಣ. ಬಗೆತ್ ಸ್ತ್ರೀಲಿಂಗ, ಅದಕ್ಕೇ ‘ಲಾ’. ಬರೆಯುವಾಗ ಮೆಯ್ಯರ್‌ನ ಕೊನೆಗೊಂದು ‘ಇ’ ಅಕ್ಷರ ಸೇರುತ್ತದೆ, ಬಹುವಚನವಾದರೆ ‘ಎಸ್’ ಕೂಡ. ಕಿವಿಗೆ ಯಾವುದೂ ಬೀಳದು. ಮ್ಯೋಗೆ ಲಿಂಗವೂ ಇಲ್ಲ, ವಚನವೂ ಇಲ್ಲ; ಕೆಲಸ ಮಾಡುವವಳು ಹೆಣ್ಣಾದರೂ ‘ಲ ಮ್ಯೋ’ ಎಂದೇ. ‘ಪ್ಯಾರಿಸ್ಸಿನಲ್ಲೇ ಅತ್ಯುತ್ತಮ’ ಎನ್ನಲು ‘ಅಲ್ಲಿ’ ಎಂಬರ್ಥದ ಪದ ಹಾಕುವವರು ಬಹಳ. ಫ್ರೆಂಚ್ ಅಲ್ಲಿ ಕೇಳುವುದು ‘ದ’, ಅಂದರೆ ‘ಪ್ಯಾರಿಸ್ಸಿನ’. ದುಬಾರಿಯಂಥ ಗುಣವಾಚಕ ನಾಮಪದದ ನಂತರ ಬರುವುದರಿಂದ ‘ಲಾ’ ಎರಡು ಸಲ ಬೇಕು: ‘ಲಾ ಬಗೆತ್ ಲಾ ಪ್ಲು ಶೆರ್ ದ ಪಾರಿ’.

ಕೆಟ್ಟದ್ದರ ವಿಷಯದಲ್ಲಿ ಫ್ರೆಂಚ್ ಉದಾರಿ. ‘ಮೊವೆ’ ಎಂಬುದಕ್ಕೆ ‘ಪ್ಲು ಮೊವೆ’ ಎಂದರೂ ನಡೆಯುತ್ತದೆ, ‘ಪಿರ್’ ಎಂದರೂ ನಡೆಯುತ್ತದೆ.