ಗಂಡನ ರಕ್ತ ಒಗ್ಗದ ತಾಯಿ

1939ರಲ್ಲಿ ನ್ಯೂಯಾರ್ಕಿನ ಫಿಲಿಪ್ ಲೆವಿನ್ ಮತ್ತು ರೂಫಸ್ ಸ್ಟೆಟ್ಸನ್ ಒಬ್ಬ ತಾಯಿಯ ಪ್ರಕರಣವನ್ನು ಪ್ರಕಟಿಸಿದರು. ಹೊಟ್ಟೆಯಲ್ಲೇ ತೀರಿಕೊಂಡಿದ್ದ ಮಗುವನ್ನು ಹೆತ್ತ ಆಕೆಗೆ ಗಂಡನ ರಕ್ತ ಕೊಟ್ಟಿದ್ದರು. ಇಬ್ಬರದೂ ಓ ಗುಂಪು. ಆದರೂ ಆಕೆಗೆ ನಡುಕ ಹತ್ತಿತು, ಕಾಲು ಮತ್ತು ತಲೆ ನೋಯತೊಡಗಿದವು. ಪರೀಕ್ಷಿಸಿ ನೋಡಿದರೆ ಆಕೆಯ ಸೀರಂ ಗಂಡನ ರಕ್ತಕಣಗಳನ್ನು ಗಂಟುಕಟ್ಟಿಸುತ್ತಿತ್ತು. ಓ ಗುಂಪಿನದೇ 104 ದಾನಿಗಳ ಪೈಕಿ 80 ಮಂದಿಯ ಕಣಗಳಿಗೂ ಅದೇ ಗತಿಯಾಯಿತು.

ತಂದೆಯಿಂದ ಮಗುವಿಗೆ ಬಂದ ಯಾವುದೋ ಅಂಶದ ವಿರುದ್ಧ ತಾಯಿಯ ದೇಹ ಪ್ರತಿಕಾಯ ತಯಾರಿಸಿಕೊಂಡಿದೆ ಎಂದು ಅವರು ಊಹಿಸಿದರು. ಆ ಅಂಶವೇ ಇಂದು ನಾವು 'ಪಾಸಿಟಿವ್', 'ನೆಗೆಟಿವ್' ಎನ್ನುವ ಆರ್‌ಎಚ್ ಡಿ.

ಎ ಗುಂಪಿನ ರಕ್ತವನ್ನು ತಪ್ಪಿ ಓ ಗುಂಪಿನವರಿಗೆ ಕೊಟ್ಟರೆ ಆಗುವ ಅನಾಹುತ ಬೇರೆ ಬಗೆಯದು. ಎ ಮತ್ತು ಬಿ ವಿರುದ್ಧದ ಪ್ರತಿಕಾಯಗಳು ಎಳವೆಯಲ್ಲೇ ಹುಟ್ಟಿಕೊಂಡಿರುತ್ತವೆ. ಅವುಗಳಲ್ಲಿ ಹೆಚ್ಚಿನವು ಐಜಿಎಂ ಎಂಬ ದೊಡ್ಡ ಗಾತ್ರದವು. ಇವು ಕಣಕ್ಕೆ ಅಂಟಿದೊಡನೆ ರಕ್ತದಲ್ಲಿರುವ 'ಕಾಂಪ್ಲಿಮೆಂಟ್' ಪ್ರೋಟೀನುಗಳು ಎಚ್ಚೆತ್ತು ಕಣದ ಪೊರೆಗೆ ತೂತು ಕೊರೆಯುತ್ತವೆ. ರಕ್ತನಾಳದೊಳಗೇ ಕಣಗಳು ಒಡೆಯುತ್ತವೆ, ಮೂತ್ರ ಕೆಂಪಾಗುತ್ತದೆ, ರಕ್ತದೊತ್ತಡ ಕುಸಿದು ಮೂತ್ರಪಿಂಡ ಕೈಕೊಡಬಹುದು.

ಡಿ ವಿರುದ್ಧದ ಪ್ರತಿಕಾಯ ಸಾಮಾನ್ಯವಾಗಿ ಐಜಿಜಿ. ಅದು ಕಣವನ್ನು ಒಡೆಯುವುದಿಲ್ಲ, ಗುರುತು ಹಾಕಿ ಬಿಡುತ್ತದೆ. ಆ ಕಣಗಳನ್ನು ನುಂಗುವುದು ಗುಲ್ಮದ ಕೆಲಸ. ಐಜಿಎಂ ಮಾಸು ದಾಟಲಾರದು. ಐಜಿಜಿಯನ್ನಾದರೋ, ಮಗುವಿನ ರಕ್ಷಣೆಗೆಂದು ಮಾಸೇ ಒಳಗೆ ಸಾಗಿಸುತ್ತದೆ. ರಕ್ಷಣೆಯ ಆ ದಾರಿಯಲ್ಲೇ ಹಾನಿಯೂ ಒಳಹೊಗುತ್ತದೆ.

ಮೊದಲ ಮಗು ಸಾಮಾನ್ಯವಾಗಿ ಪಾರಾಗುತ್ತದೆ. ಅದರ ರಕ್ತ ತಾಯಿಯೊಳಗೆ ಹೆಚ್ಚಾಗಿ ಸೇರುವುದು ಹೆರಿಗೆಯ ಹೊತ್ತಿಗೆ, ಪ್ರತಿಕಾಯ ತಯಾರಾಗುವುದು ಆಮೇಲೆ. ಮುಂದಿನ ಮಗುವೂ ಪಾಸಿಟಿವ್ ಆದರೆ ಅದಕ್ಕೆ ಗರ್ಭದಲ್ಲೇ ರಕ್ತಹೀನತೆ ಬರಬಹುದು, ಮೈಯೆಲ್ಲ ಊದಬಹುದು. ಕಾಮಾಲೆ ಮಾತ್ರ ಹುಟ್ಟಿದ ಮೇಲೆಯೇ ಎದ್ದು ಕಾಣುತ್ತದೆ. ಅಲ್ಲಿಯವರೆಗೆ ಒಡೆದ ಕಣಗಳ ಬಿಲಿರುಬಿನ್ನನ್ನು ತಾಯಿಯ ಲಿವರ್ ನಿಭಾಯಿಸಿರುತ್ತದೆ. ಹೊಕ್ಕುಳಬಳ್ಳಿ ಕತ್ತರಿಸಿದ ಮೇಲೆ ಆ ಹೊರೆ ಮಗುವಿನ ಎಳೆಯ ಲಿವರ್ ಮೇಲೆ ಬೀಳುತ್ತದೆ. ಬಿಲಿರುಬಿನ್ ಮಿತಿಮೀರಿದರೆ ಮಿದುಳಿಗೇ ಪೆಟ್ಟು.

ಪರಿಹಾರದ ಸುಳಿವು ಸಿಕ್ಕಿದ್ದು ಒಂದು ವಿಚಿತ್ರದಿಂದ. ತಾಯಿ ಓ, ಮಗು ಎ ಆಗಿದ್ದರೆ ಆರ್‌ಎಚ್ ತೊಂದರೆ ಕಡಿಮೆ ಎಂಬುದನ್ನು ಲೆವಿನ್ ಗಮನಿಸಿದ್ದರು. ತಾಯಿಯಲ್ಲಿ ಮೊದಲೇ ಇರುವ ಎ-ವಿರೋಧಿ ಪ್ರತಿಕಾಯ ಮಗುವಿನ ಕಣಗಳನ್ನು ಬೇಗ ಅಳಿಸಿಹಾಕುವುದರಿಂದ ಡಿ ಅಂಶವನ್ನು ಗುರುತಿಸಲು ಆಕೆಯ ದೇಹಕ್ಕೆ ಅವಕಾಶವೇ ಸಿಗದು. ಹಾಗಾದರೆ ಆ ಪ್ರತಿಕಾಯವನ್ನು ನಾವೇ ಕೊಟ್ಟರೆ? ಲಿವರ್‌ಪೂಲ್ ಮತ್ತು ನ್ಯೂಯಾರ್ಕಿನ ಸಂಶೋಧಕರ ಪ್ರಯತ್ನದಿಂದ 1968ರಲ್ಲಿ ಆಂಟಿ-ಡಿ ಚುಚ್ಚುಮದ್ದು ಬಳಕೆಗೆ ಬಂತು. 300 ಮೈಕ್ರೋಗ್ರಾಂ ಡೋಸು ಸುಮಾರು 30 ಮಿಲಿಲೀಟರ್ ಭ್ರೂಣದ ರಕ್ತವನ್ನು ನಿಭಾಯಿಸುತ್ತದೆ. ಆದರೆ ತಾಯಿಯ ದೇಹ ಒಮ್ಮೆ ಪ್ರತಿಕಾಯ ತಯಾರಿಸಿದ ಮೇಲೆ ಈ ಮದ್ದಿನಿಂದ ಪ್ರಯೋಜನವಿಲ್ಲ.

ನಿಮ್ಮ ಮನೆಯಲ್ಲಿ ನೆಗೆಟಿವ್ ಗುಂಪಿನ ಗರ್ಭಿಣಿ ಇದ್ದರೆ ಮೊದಲ ಭೇಟಿಯಲ್ಲೇ ಇಂಡೈರೆಕ್ಟ್ ಕೂಂಬ್ಸ್ ಪರೀಕ್ಷೆಯ ಬಗ್ಗೆ ಕೇಳಿ. 28ನೇ ವಾರದ ಚುಚ್ಚುಮದ್ದು, ಮಗು ಪಾಸಿಟಿವ್ ಆದರೆ ಹೆರಿಗೆಯಾದ 72 ಗಂಟೆಯೊಳಗಿನದು, ಎರಡನ್ನೂ ತಪ್ಪಿಸಬೇಡಿ. ಗರ್ಭಪಾತವಾದರೂ ವೈದ್ಯರಿಗೆ ಗುಂಪು ನೆನಪಿಸಿ, ಆಗಲೂ ಅದು ಬೇಕಾಗಬಹುದು.