ಬಾಡಿಗೆ ಕರಾರಿಗೆ ಮುನ್ನ ಒಂದು ಮೆಸೇಜು

ಬೆಂಗಳೂರಿನಲ್ಲಿ ಮನೆ ಬಾಡಿಗೆಯ ಕರಾರು ಹೆಚ್ಚಾಗಿ 11 ತಿಂಗಳದ್ದು. ಒಂದು ವರ್ಷ ಮೀರಿದರೆ ನೋಂದಣಿ ಮಾಡಿಸಲೇಬೇಕಾಗುತ್ತದೆ ಎಂಬುದೇ ಇದಕ್ಕೆ ಕಾರಣ. ಅವಧಿ ಮುಗಿಯುವ ಹೊತ್ತಿಗೆ ಓನರ್ ಮತ್ತು ಬಾಡಿಗೆದಾರ ಗೇಟಿನ ಬಳಿಯೋ ಫೋನಿನಲ್ಲೋ ಮಾತಾಡಿಕೊಳ್ಳುತ್ತಾರೆ. ಕರಾರು ಟೈಪಾಗುವುದು ಮಾತ್ರ ಆಮೇಲೆ, ಇನ್ನೆಲ್ಲೋ. ಟೈಪ್ ಮಾಡುವವರು ಹಳೆಯ ಫೈಲ್ ತೆರೆದು ತಾರೀಖು, ಬಾಡಿಗೆ ಬದಲಿಸಿ ಕೊಟ್ಟುಬಿಡುತ್ತಾರೆ. ಮಾತಲ್ಲಿ ಒಪ್ಪಿದ ಉಳಿದ ಬದಲಾವಣೆಗಳು ಬಿಟ್ಟುಹೋಗುವುದು ಇಲ್ಲೇ. ಹಾಗಾಗಿ ಮಾತು ಮುಗಿದ ದಿನವೇ ವಾಟ್ಸಾಪಿನಲ್ಲಿ ಹೀಗೊಂದು ಮೆಸೇಜು ಹೋಗಬೇಕು:

“ನಮಸ್ಕಾರ ಸರ್. ಇವತ್ತು ಮಾತಾಡಿದ್ದನ್ನು ಬರೆದಿದ್ದೇನೆ. ಹೊಸ ಕರಾರು 2026ರ ಜೂನ್ 1ರಿಂದ 2027ರ ಏಪ್ರಿಲ್ 30ರವರೆಗೆ. ಬಾಡಿಗೆ 18,000 ಇದ್ದದ್ದು 18,900 ಆಗುತ್ತದೆ. ಮೇಂಟೆನೆನ್ಸ್ 2,000 ಬೇರೆ, ಅದು ಏರುವುದಿಲ್ಲ. ಅಡ್ವಾನ್ಸ್ ಈಗಾಗಲೇ ಕೊಟ್ಟಿರುವ 1,50,000ವೇ, ಹೆಚ್ಚಿಗೆ ಕೊಡುವುದಿಲ್ಲ. ಖಾಲಿ ಮಾಡುವಾಗ ಪೇಂಟಿಂಗಿಗೆ ಒಂದು ತಿಂಗಳ ಬಾಡಿಗೆ ಬದಲು 15,000 ಮಾತ್ರ ಹಿಡಿಯುವುದು. ನೋಟಿಸ್ ಒಂದು ತಿಂಗಳಿದ್ದದ್ದು ಇಬ್ಬರಿಗೂ ಎರಡು ತಿಂಗಳು. ಉಳಿದ ಷರತ್ತುಗಳು ಹಳೆಯ ಕರಾರಿನಂತೆಯೇ. ಸರಿಯಿದ್ದರೆ ದಯವಿಟ್ಟು ‘ಒಪ್ಪಿಗೆ’ ಎಂದು ಉತ್ತರಿಸಿ.”

ಇಲ್ಲಿ ‘ಶೇ. 5 ಏರಿಕೆ’ ಎಂದಷ್ಟೇ ಬರೆಯದೆ ರೂಪಾಯಿಯಲ್ಲೇ ಬರೆದಿರುವುದನ್ನು ಗಮನಿಸಿ. ಶೇ. 5 ಯಾವುದರ ಮೇಲೆ? ಬಾಡಿಗೆಯ ಮೇಲಾದರೆ 900, ಮೇಂಟೆನೆನ್ಸ್ ಸೇರಿಸಿದ 20,000ದ ಮೇಲಾದರೆ 1,000. ಇಬ್ಬರೂ ಪ್ರಾಮಾಣಿಕವಾಗಿಯೇ ಬೇರೆಬೇರೆ ಲೆಕ್ಕ ಹಿಡಿದಿರಬಹುದು. ಪೇಂಟಿಂಗಿನದ್ದೂ ಇದೇ ಕಥೆ. ‘ಒಂದು ತಿಂಗಳ ಬಾಡಿಗೆ’ ಎಂದಿದ್ದರೆ ಬಾಡಿಗೆ ಏರಿದಂತೆಲ್ಲ ಆ ಕಡಿತವೂ ಸದ್ದಿಲ್ಲದೆ ಏರುತ್ತದೆ. ಅಡ್ವಾನ್ಸಿನ ಸಾಲು ಬೇಡವೆನಿಸಬಹುದು, ಆದರೆ ನನ್ನ ಮಟ್ಟಿಗೆ ಅದೇ ಮುಖ್ಯ. ಓನರ್ ಬಳಿ ಎಷ್ಟು ದುಡ್ಡಿದೆ ಎಂಬುದನ್ನು ಅವರೇ ಮತ್ತೊಮ್ಮೆ ಒಪ್ಪಿದಂತಾಗುತ್ತದೆ.

ಉತ್ತರ ಬಾರದಿದ್ದರೆ ಫೋನ್ ಮಾಡಿ ಕೇಳಿ. ನೀಲಿ ಟಿಕ್ ಬಿದ್ದರೆ ಓದಿದ್ದಾರೆ ಎಂದಷ್ಟೇ ಅರ್ಥ, ಒಪ್ಪಿದ್ದಾರೆ ಎಂದಲ್ಲ. ಅವರು ಒಂದು ಅಂಶ ತಿದ್ದಿದರೆ ಪೂರ್ತಿ ಮೆಸೇಜನ್ನೇ ತಿದ್ದಿ ಮತ್ತೆ ಕಳುಹಿಸಿ, ಅದಕ್ಕೆ ಒಪ್ಪಿಗೆ ಪಡೆಯಿರಿ. ಇಲ್ಲವಾದರೆ ಮುಂದೆ ಯಾವುದು ಕೊನೆಯ ಮಾತು ಎಂದು ಹುಡುಕಬೇಕಾಗುತ್ತದೆ.

ಹೊಸ ಕರಾರಿಗೆ ಸಹಿ ಬೀಳುವುದು ಒಂದೆರಡು ತಿಂಗಳು ತಡವಾದರೂ ಯಾವ ಬಾಡಿಗೆ ಕೊಡಬೇಕು ಎಂಬ ಗೊಂದಲವನ್ನು ಈ ಮೆಸೇಜು ತಪ್ಪಿಸುತ್ತದೆ. ಹಾಗೆಂದು ಅದು ಕರಾರಿನ ಜಾಗ ತುಂಬುವುದಿಲ್ಲ. ಇಬ್ಬರೂ ಸಹಿ ಹಾಕಿದ ಮೇಲೆ ಕಾಗದದಲ್ಲಿ ಇರುವುದೇ ನಿಲ್ಲುತ್ತದೆ, ಅದಕ್ಕೆ ವಿರುದ್ಧವಾದ ಹಿಂದಿನ ಮಾತನ್ನು ಕೋರ್ಟು ಸಾಮಾನ್ಯವಾಗಿ ಒಪ್ಪುವುದಿಲ್ಲ. ಆದ್ದರಿಂದ ಕರಾರು ಪ್ರಿಂಟ್ ಆಗುವ ಮೊದಲೇ ಕರಡು ತರಿಸಿಕೊಂಡು, ಮೊಬೈಲಿನಲ್ಲಿ ಮೆಸೇಜು ತೆರೆದಿಟ್ಟು, ಸಾಲುಸಾಲಾಗಿ ಹೋಲಿಸಿ ನೋಡಿ. ನೋಟಿಸ್ ಅವಧಿ, ಪೇಂಟಿಂಗ್ ಈ ಎರಡರಲ್ಲೇ ಹಳೆಯ ಅಂಕಿ ಉಳಿದುಬಿಡುವುದು ಹೆಚ್ಚು.