ಬಾಡಿಗೆ ಖರೀದಿ ಲೆಕ್ಕಪತ್ರ (ಖರೀದಿದಾರನ ಪುಸ್ತಕಗಳಲ್ಲಿ)

ಬಾಡಿಗೆ ಖರೀದಿ ಎಂದರೆ ಸರಕನ್ನು ಒಪ್ಪಂದದ ದಿನವೇ ಖರೀದಿದಾರನ ವಶಕ್ಕೆ ಕೊಟ್ಟು, ಬೆಲೆಯನ್ನು ಕಂತುಗಳಲ್ಲಿ ಪಡೆಯುವ ವ್ಯವಹಾರ ಪದ್ಧತಿ. ಕೊನೆಯ ಕಂತು ಸಂದಾಯವಾಗುವವರೆಗೆ ಸರಕಿನ ಒಡೆತನ ಮಾರಾಟಗಾರನಲ್ಲಿಯೇ ಇರುತ್ತದೆ. ಒಡೆತನವು ಒಪ್ಪಂದದ ದಿನವೇ ವರ್ಗಾವಣೆಯಾಗುವ ಕಂತು ಖರೀದಿ ಪದ್ಧತಿಗಿಂತ ಇದು ಭಿನ್ನವಾಗುವುದು ಈ ಅಂಶದಿಂದಲೇ. ಭಾರತದಲ್ಲಿ 1972ರಲ್ಲಿ ಬಾಡಿಗೆ ಖರೀದಿ ಅಧಿನಿಯಮ ಅಂಗೀಕಾರವಾದರೂ ಅದು ಜಾರಿಗೆ ಬರಲೇ ಇಲ್ಲ. 2005ರಲ್ಲಿ ಅದನ್ನು ರದ್ದುಗೊಳಿಸಲಾಯಿತು.

## ತನ್ನದಲ್ಲದ ಆಸ್ತಿಯನ್ನು ಬರೆಯುವುದು ಹೇಗೆ?

ಕಾನೂನಿನ ಪ್ರಕಾರ ಇನ್ನೂ ತನ್ನದಾಗದ ವಾಹನವನ್ನು ಖರೀದಿದಾರ ತನ್ನ ಪುಸ್ತಕದಲ್ಲಿ ಆಸ್ತಿಯೆಂದು ತೋರಿಸಬಹುದೇ ಎಂಬ ಪ್ರಶ್ನೆ ವಿದ್ಯಾರ್ಥಿಗಳಿಗೆ ಸಹಜವಾಗಿ ಏಳುತ್ತದೆ. ವಾಹನವನ್ನು ಓಡಿಸಿ ಆದಾಯ ಗಳಿಸುವವನು, ಅದರ ಸವೆತವನ್ನು ಹೊರುವವನು ಖರೀದಿದಾರನೇ ಆದ್ದರಿಂದ ಲೆಕ್ಕಶಾಸ್ತ್ರವು ಕಾಗದದ ಒಡೆತನಕ್ಕಿಂತ ವ್ಯವಹಾರದ ಸತ್ವವನ್ನು ಹಿಡಿಯುತ್ತದೆ. ಭಾರತೀಯ ಲೆಕ್ಕಪತ್ರ ಮಾನಕ 10ರ ಪ್ರಕಾರ ಇಂತಹ ಆಸ್ತಿಯನ್ನು ನಗದು ಬೆಲೆಯಲ್ಲಿ ದಾಖಲಿಸಬೇಕು. ಪೂರ್ಣ ಒಡೆತನ ಇನ್ನೂ ಬಂದಿಲ್ಲವೆಂದು ಅಢಾವೆ ಪತ್ರಿಕೆಯಲ್ಲಿ ಸೂಚಿಸಬೇಕು. ವಾಹನವಾದರೆ, 1988ರ ಮೋಟಾರು ವಾಹನಗಳ ಅಧಿನಿಯಮದ 51ನೇ ಕಲಮಿನಂತೆ ನೋಂದಣಿ ಪತ್ರದಲ್ಲಿಯೂ ಬಾಡಿಗೆ ಖರೀದಿ ಒಪ್ಪಂದದ ಉಲ್ಲೇಖವಿರುತ್ತದೆ.

## ಒಂದು ಉದಾಹರಣೆ

ಅಕ್ಕಿಪೇಟೆ, ಅರಳೆಪೇಟೆ, ರಾಗಿಪೇಟೆಗಳು ಸರಕಿನ ಹೆಸರನ್ನೇ ಹೊತ್ತ ಹಳೆಯ ಬೆಂಗಳೂರಿನ ವ್ಯಾಪಾರದ ಪೇಟೆಗಳು. ಅಕ್ಕಿಪೇಟೆಯ ಸಗಟು ವ್ಯಾಪಾರಿಯೊಬ್ಬ ಮೂಟೆ ಸಾಗಿಸಲು 2022ರ ಏಪ್ರಿಲ್ 1ರಂದು ಸಣ್ಣ ಸರಕು ವಾಹನವೊಂದನ್ನು ಬಾಡಿಗೆ ಖರೀದಿಯಲ್ಲಿ ಪಡೆದನೆಂದು ಭಾವಿಸೋಣ. ನಗದು ಬೆಲೆ ₹4,31,000. ಮುಂಗಡ ₹1,00,000. ಉಳಿದದ್ದಕ್ಕೆ ಪ್ರತಿ ಮಾರ್ಚ್ 31ರಂದು ₹1,33,100ರಂತೆ ಮೂರು ಕಂತು. ಬಡ್ಡಿ ವರ್ಷಕ್ಕೆ ಶೇ 10. ಒಟ್ಟು ತೆರುವ ಮೊತ್ತ ₹4,99,300. ನಗದು ಬೆಲೆಗಿಂತ ಹೆಚ್ಚಾದ ₹68,300 ಮೂರು ವರ್ಷಗಳ ಬಡ್ಡಿ.

ಮೊದಲು ಮಾಡಬೇಕಾದ ಕೆಲಸ ಕಂತನ್ನು ಬಡ್ಡಿ ಮತ್ತು ಅಸಲು ಎಂದು ಸೀಳುವುದು. ಬಡ್ಡಿ ಯಾವಾಗಲೂ ಆ ವರ್ಷದ ಆರಂಭದಲ್ಲಿ ಬಾಕಿಯಿದ್ದ ನಗದು ಬೆಲೆಯ ಮೇಲೆ ಲೆಕ್ಕವಾಗುತ್ತದೆ. ಮುಂಗಡವನ್ನು ಒಪ್ಪಂದದ ದಿನವೇ ಕೊಟ್ಟಿರುವುದರಿಂದ ಅದರಲ್ಲಿ ಬಡ್ಡಿಯ ಅಂಶವಿಲ್ಲ.

| ವರ್ಷ | ಆರಂಭದ ಬಾಕಿ | ಬಡ್ಡಿ | ಅಸಲು | ಉಳಿದ ಬಾಕಿ |
|---|---|---|---|---|
| 2022-23 | 3,31,000 | 33,100 | 1,00,000 | 2,31,000 |
| 2023-24 | 2,31,000 | 23,100 | 1,10,000 | 1,21,000 |
| 2024-25 | 1,21,000 | 12,100 | 1,21,000 | 0 |

ಕೊನೆಯ ಸಾಲಿನಲ್ಲಿ ಬಾಕಿ ಸೊನ್ನೆಗೆ ಇಳಿಯಬೇಕು. ಪರೀಕ್ಷೆಯ ಲೆಕ್ಕಗಳಲ್ಲಿ ಕೆಲವು ರೂಪಾಯಿಗಳ ವ್ಯತ್ಯಾಸ ಉಳಿದರೆ ಅದನ್ನು ಕೊನೆಯ ವರ್ಷದ ಬಡ್ಡಿಗೆ ಸೇರಿಸುವುದು ರೂಢಿ. ವ್ಯತ್ಯಾಸ ದೊಡ್ಡದಾಗಿದ್ದರೆ ಹಿಂದಿನ ಯಾವುದೋ ಸಾಲಿನಲ್ಲಿ ತಪ್ಪಾಗಿದೆ ಎಂದೇ ತಿಳಿಯಬೇಕು.

ಮಾರುಕಟ್ಟೆಯಲ್ಲಿ ಹೇಳುವ 'ಫ್ಲಾಟ್' ಬಡ್ಡಿದರವನ್ನು ಇಲ್ಲಿ ಬಳಸುವಂತಿಲ್ಲ. ಇದೇ ₹68,300ನ್ನು ಮೂರು ವರ್ಷಕ್ಕೆ ಸಮನಾಗಿ ಹಂಚಿ ಮೂಲ ಸಾಲ ₹3,31,000ಕ್ಕೆ ಹೋಲಿಸಿದರೆ ದರ ಸುಮಾರು ಶೇ 6.9 ಎಂದು ಕಾಣುತ್ತದೆ. ಅಸಲು ಕರಗುತ್ತಾ ಹೋಗುವುದನ್ನು ಆ ಲೆಕ್ಕ ಗಮನಿಸುವುದಿಲ್ಲ. ಹಾಗೆ ಸಮನಾಗಿ ಹಂಚಿದ ವ್ಯಾಪಾರಿ ಮೊದಲ ವರ್ಷದ ಬಡ್ಡಿಯನ್ನು ₹33,100ರ ಬದಲು ₹22,767 ಎಂದು ಬರೆದು, ಲಾಭವನ್ನು ₹10,333ರಷ್ಟು ಹೆಚ್ಚಾಗಿ ತೋರಿಸುತ್ತಾನೆ.

## ಮೊದಲ ವರ್ಷದ ನಮೂದುಗಳು

ಪೂರ್ಣ ನಗದು ಬೆಲೆ ವಿಧಾನದಲ್ಲಿ, ಖರೀದಿಯ ದಿನ ವಾಹನ ಖಾತೆಗೆ ₹4,31,000 ಖರ್ಚು ಹಾಕಿ ಮಾರಾಟಗಾರನ ಖಾತೆಗೆ ಜಮೆ ಮಾಡಲಾಗುತ್ತದೆ. ಅದೇ ದಿನ ಮುಂಗಡಕ್ಕಾಗಿ ಮಾರಾಟಗಾರನ ಖಾತೆಗೆ ₹1,00,000 ಖರ್ಚು, ಬ್ಯಾಂಕ್ ಖಾತೆಗೆ ಜಮೆ.

ವರ್ಷಾಂತ್ಯದಲ್ಲಿ ಕಂತು ಕಟ್ಟುವ ಮೊದಲು ಬಡ್ಡಿಯ ನಮೂದು ಬರಬೇಕು: ಬಡ್ಡಿ ಖಾತೆಗೆ ₹33,100 ಖರ್ಚು, ಮಾರಾಟಗಾರನಿಗೆ ಜಮೆ. ಆಗ ಅವನಿಗೆ ಸಲ್ಲಬೇಕಾದದ್ದು ₹3,64,100 ಆಗುತ್ತದೆ. ನಂತರ ಕಂತಿನ ₹1,33,100ನ್ನು ಅವನ ಖಾತೆಗೆ ಖರ್ಚು ಹಾಕಿ ಬ್ಯಾಂಕಿಗೆ ಜಮೆ ಮಾಡಿದರೆ ₹2,31,000 ಉಳಿಯುತ್ತದೆ. ಇದು ಮೇಲಿನ ಕೋಷ್ಟಕದ ಬಾಕಿಯೇ ಆಗಿದೆ.

ಸವಕಳಿಗೂ ಕಂತಿಗೂ ಸಂಬಂಧವಿಲ್ಲ. ಇಳಿಕೆ ಮೌಲ್ಯ ವಿಧಾನದಲ್ಲಿ ಶೇ 20 ಎಂದಿಟ್ಟುಕೊಂಡರೆ, ಪೂರ್ಣ ನಗದು ಬೆಲೆ ₹4,31,000ರ ಮೇಲೆ ₹86,200 ಆಗುತ್ತದೆ. ಕೊಟ್ಟಿರುವುದು ಅರ್ಧದಷ್ಟೂ ಅಲ್ಲವಲ್ಲ ಎಂದು ಸವಕಳಿಯನ್ನು ಅರ್ಧಕ್ಕೆ ಇಳಿಸುವಂತಿಲ್ಲ, ಏಕೆಂದರೆ ರಸ್ತೆಯಲ್ಲಿ ಸವೆಯುವುದು ಇಡೀ ವಾಹನ. ಸವಕಳಿ ಖಾತೆಗೆ ಖರ್ಚು, ವಾಹನ ಖಾತೆಗೆ ಜಮೆ. ವಾಹನದ ಪುಸ್ತಕ ಮೌಲ್ಯ ₹3,44,800. ಕೊನೆಗೆ ಬಡ್ಡಿ ಮತ್ತು ಸವಕಳಿ ಸೇರಿ ₹1,19,300 ಲಾಭ-ನಷ್ಟ ಖಾತೆಗೆ ವರ್ಗವಾಗುತ್ತದೆ.

ಅಢಾವೆ ಪತ್ರಿಕೆಯಲ್ಲಿ ವಾಹನವನ್ನು ₹3,44,800 ಎಂದು ಆಸ್ತಿಯ ಕಡೆಗೂ, ₹2,31,000 ಬಾಕಿಯನ್ನು ಹೊಣೆಗಾರಿಕೆಯ ಕಡೆಗೂ ತೋರಿಸಲಾಗುತ್ತದೆ. ಪಠ್ಯಪುಸ್ತಕಗಳಲ್ಲಿ ಬಾಕಿಯನ್ನು ಆಸ್ತಿಯಿಂದಲೇ ಕಳೆದು ₹1,13,800 ಎಂದು ತೋರಿಸುವ ಕ್ರಮವೂ ಇದೆ.

ಆಸ್ತಿ ಸಂಚಯ ವಿಧಾನವೆಂಬ ಇನ್ನೊಂದು ದಾರಿಯಲ್ಲಿ ಅಸಲು ಸಂದಾಯವಾದಷ್ಟನ್ನು ಮಾತ್ರ ವಾಹನ ಖಾತೆಗೆ ಬರೆಯುತ್ತಾರೆ: ಮುಂಗಡ ಒಂದು ಲಕ್ಷ, ಮೊದಲ ಕಂತಿನ ಅಸಲು ಒಂದು ಲಕ್ಷ. ಸವಕಳಿ ಮಾತ್ರ ಇಲ್ಲಿಯೂ ಪೂರ್ಣ ನಗದು ಬೆಲೆಯ ಮೇಲೆಯೇ. ಎರಡು ಲಕ್ಷದಿಂದ ₹86,200 ಕಳೆದರೆ ಅದೇ ₹1,13,800 ಬರುತ್ತದೆ.

ಕಂತಿನ ದಿನವೂ ಲೆಕ್ಕದ ವರ್ಷದ ಕೊನೆಯೂ ಒಂದೇ ಆಗಿರಬೇಕೆಂದಿಲ್ಲ. ವಾಹನ ಅಕ್ಟೋಬರ್ 1ರಂದು ಬಂದು, ಮೊದಲ ಕಂತು ಮುಂದಿನ ಸೆಪ್ಟೆಂಬರ್ 30ಕ್ಕೆ ಇದ್ದರೆ, ಮಾರ್ಚ್ 31ಕ್ಕೆ ಕಂತೇನೂ ಕಟ್ಟದಿದ್ದರೂ ಆರು ತಿಂಗಳ ಬಡ್ಡಿ ₹16,550 ಮತ್ತು ಆರು ತಿಂಗಳ ಸವಕಳಿ ₹43,100 ಬರೆಯಲೇಬೇಕು.

## ಸಾಮಾನ್ಯ ತಪ್ಪು

ಹೆಚ್ಚಾಗಿ ಕಾಣುವ ತಪ್ಪೆಂದರೆ ಬಾಡಿಗೆ ಖರೀದಿ ಬೆಲೆ ₹4,99,300ನ್ನೇ ವಾಹನದ ಬೆಲೆಯೆಂದು ಬರೆಯುವುದು. ಆಗ ಮೊದಲ ವರ್ಷದ ಸವಕಳಿ ₹99,860 ಆಗುತ್ತದೆ, ಬಡ್ಡಿ ಖಾತೆಯೇ ಇರುವುದಿಲ್ಲ; ನಿಜವಾದ ₹1,19,300ಕ್ಕಿಂತ ವೆಚ್ಚ ₹19,440 ಕಡಿಮೆಯಾಗಿ ಲಾಭ ಅಷ್ಟೇ ಉಬ್ಬುತ್ತದೆ. ಇದನ್ನು ಪತ್ತೆಹಚ್ಚಲು ಮಾರಾಟಗಾರನ ಖಾತೆಯನ್ನು ನೋಡಿದರೆ ಸಾಕು. ಮೊದಲ ಕಂತಿನ ನಂತರದ ಬಾಕಿ ₹2,66,200, ಅಂದರೆ ಉಳಿದ ಎರಡು ಕಂತುಗಳ ನೇರ ಮೊತ್ತವಾಗಿದ್ದರೆ, ಇನ್ನೂ ಹುಟ್ಟದ ಬಡ್ಡಿಯೂ ಸಾಲದಲ್ಲಿ ಸೇರಿಕೊಂಡಿದೆ.

## ಕಂತು ತಪ್ಪಿದಾಗ

ವ್ಯಾಪಾರಿ ಎರಡನೆಯ ಕಂತು ಕಟ್ಟಲಾಗದೆ 2024ರ ಮಾರ್ಚ್ 31ರಂದು ಮಾರಾಟಗಾರ ವಾಹನವನ್ನು ಮರುವಶಪಡಿಸಿಕೊಂಡರೂ ಆ ವರ್ಷದ ಬಡ್ಡಿ ಮತ್ತು ಸವಕಳಿಯನ್ನು ಮೊದಲು ಬರೆಯಬೇಕು. ಬಡ್ಡಿ ₹23,100 ಸೇರಿ ಮಾರಾಟಗಾರನ ಬಾಕಿ ₹2,54,100. ಸವಕಳಿ ₹68,960 ಕಳೆದು ವಾಹನದ ಮೌಲ್ಯ ₹2,75,840. ಬಾಕಿಯಷ್ಟನ್ನು ಮಾರಾಟಗಾರನ ಖಾತೆಗೆ ಖರ್ಚು ಹಾಕಿ ವಾಹನ ಖಾತೆಗೆ ಜಮೆ ಮಾಡಿದಾಗ ಮೊದಲನೆಯದು ಮುಚ್ಚಿಹೋಗುತ್ತದೆ. ವಾಹನ ಖಾತೆಯಲ್ಲಿ ಉಳಿಯುವ ₹21,740 ಲಾಭ-ನಷ್ಟ ಖಾತೆಗೆ ನಷ್ಟವಾಗಿ ಹೋಗುತ್ತದೆ. ಅವನು ಅದುವರೆಗೆ ಕೈಯಿಂದ ಕೊಟ್ಟ ₹2,33,100 ಮರಳಿ ಬರುವುದಿಲ್ಲವಾದರೂ ನಷ್ಟ ಅಷ್ಟೊಂದು ದೊಡ್ಡದಾಗಿ ಕಾಣದಿರಲು ಕಾರಣ, ಅದರ ಬಹುಭಾಗ ಬಡ್ಡಿ ಮತ್ತು ಸವಕಳಿಯ ರೂಪದಲ್ಲಿ ಎರಡೂ ವರ್ಷಗಳ ಲೆಕ್ಕದಲ್ಲಿ ಈಗಾಗಲೇ ವೆಚ್ಚವಾಗಿ ಸೇರಿರುವುದು.